ಹುಳುಕನ್ನು ಮೊದಲು ಬರೆಯಿರಿ, ಬೆಲೆಯನ್ನು ಆಮೇಲೆ

"ಗುಡ್ ಕಂಡೀಶನ್, ಸಿಂಗಲ್ ಓನರ್, ಬೆಲೆಗೆ ಮೆಸೇಜ್ ಮಾಡಿ." ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಹಳೆಯ ಸ್ಕೂಟರು, ಬೈಕು ಮಾರುವವರು ಹಾಕುವ ಸಂದೇಶ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ. ಜೊತೆಗೆ ಆಗಷ್ಟೇ ತೊಳೆದ ಗಾಡಿಯ ಎರಡು ಫೋಟೋ. ಬರೆದವರು ಮೋಸಗಾರರೇನಲ್ಲ. ಗಾಡಿಯ ತೊಂದರೆಗಳನ್ನು ತಾವಾಗಿ ಹೇಳಿಕೊಂಡರೆ ಬೆಲೆ ಬಿದ್ದುಹೋಗುತ್ತದೆ, ಕೊಳ್ಳುವವರು ಕೇಳಿದರೆ ಹೇಳಿದರಾಯಿತು ಎಂಬ ಲೆಕ್ಕಾಚಾರ ಅಷ್ಟೆ. ಈ ಲೆಕ್ಕಾಚಾರ ತಪ್ಪು ಎನ್ನುವುದು ನನ್ನ ವಾದ. ಹೇಳದೆ ಬಿಟ್ಟ ತೊಂದರೆಗೂ ಕೊಳ್ಳುವವನು ಬೆಲೆ ಕಳೆದೇ ಕಳೆಯುತ್ತಾನೆ, ಅದೂ ನಿಜವಾದ ಖರ್ಚಿಗಿಂತ ಹೆಚ್ಚಾಗಿ.

ಏಕೆಂದರೆ ಅವನಿಗೆ ಗಾಡಿಯ ಒಳಗು ಕಾಣುವುದಿಲ್ಲ. ಬೆಲ್ಟ್ ಸವೆದಿದೆಯೋ ಎಂಜಿನ್ನೇ ಬಿಚ್ಚಬೇಕೋ ಗೊತ್ತಿಲ್ಲದಿದ್ದಾಗ ಎರಡನೆಯದನ್ನೇ ಎಣಿಸಿಕೊಂಡು ಬೆಲೆ ಕೇಳುವುದು ಅವನಿಗೆ ಕ್ಷೇಮ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಬರೆದ ಪ್ರಬಂಧದ ತಿರುಳು ಇದು. ಒಳ್ಳೆಯ ಗಾಡಿ ನಲವತ್ತು ಸಾವಿರಕ್ಕೆ, ಕೆಟ್ಟ ಗಾಡಿ ಇಪ್ಪತ್ತೈದು ಸಾವಿರಕ್ಕೆ ಬಾಳುತ್ತದೆ ಎಂದುಕೊಳ್ಳಿ. ಯಾವುದು ಯಾವುದೆಂದು ತಿಳಿಯದ ಗಿರಾಕಿ ನಡುವಿನ ಬೆಲೆಯಷ್ಟನ್ನೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಕೊಡಲೊಲ್ಲ, ಹಿಂದೆ ಸರಿಯುತ್ತಾನೆ. ಉಳಿಯುವವು ಕೆಟ್ಟವೇ. ಅದು ಗಿರಾಕಿಗೂ ಗೊತ್ತಾಗಿ ಬೆಲೆ ಇನ್ನಷ್ಟು ಕುಸಿಯುತ್ತದೆ. ಈ ಕೆಲಸವೂ ಸೇರಿದಂತೆ ಮಾಹಿತಿಯ ಏರುಪೇರಿನ ಕುರಿತ ಅಧ್ಯಯನಕ್ಕೆ ಅಕರ್ಲಾಫ್ 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಹಂಚಿಕೊಂಡರು.

ಅಪರಿಚಿತರ ದೊಡ್ಡ ಮಾರುಕಟ್ಟೆಯಲ್ಲಿ ಈ ಗಂಟು ಬಿಡಿಸುವುದು ಕಷ್ಟ. ಬಡಾವಣೆಯ ಗುಂಪಿನಲ್ಲಿ ಸುಲಭ, ಏಕೆಂದರೆ ಮಾರಿದವರು ನಾಳೆ ಬೆಳಿಗ್ಗೆಯೂ ನಂದಿನಿ ಬೂತಿನ ಮುಂದೆ ಸಿಗುತ್ತಾರೆ. ಆಡಿದ ಮಾತಿಗೆ ಅಲ್ಲಿ ತೂಕವಿದೆ. ಆ ತೂಕವನ್ನು "ಗುಡ್ ಕಂಡೀಶನ್" ಎಂಬ ಏನನ್ನೂ ಹೇಳದ ಪದಕ್ಕೆ ಖರ್ಚು ಮಾಡುವುದು ನಷ್ಟ.

ಮೈಸೂರಿನ ನಮ್ಮ ಬಡಾವಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಆಕ್ಟಿವಾ ಮಾರಿದ ರೀತಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಗುಂಪಿಗೆ ಅವರು ಹಾಕಿದ ಸಂದೇಶ ಹೀಗಿತ್ತು:

"ಹೋಂಡಾ ಆಕ್ಟಿವಾ 5ಜಿ. ನೋಂದಣಿ 2018 ನವೆಂಬರ್, ನಾನೇ ಮೊದಲ ಮಾಲೀಕ. ಮೀಟರಿನಲ್ಲಿ 31,400 ಕಿ.ಮೀ. ಇದೆ. ಆದರೆ 2022ರಲ್ಲಿ ಸ್ಪೀಡೋಮೀಟರ್ ಕೇಬಲ್ ಕಡಿದು ಮೂರ್ನಾಲ್ಕು ತಿಂಗಳು ಹಾಗೇ ಓಡಿಸಿದ್ದೇನೆ, ಸುಮಾರು ಒಂದೂವರೆ ಸಾವಿರ ಕಿ.ಮೀ. ಸೇರಿಸಿಕೊಳ್ಳಿ. ಡ್ರೈವ್ ಬೆಲ್ಟ್ ಮತ್ತು ರೋಲರ್ ಇನ್ನೂ ಬದಲಾಯಿಸಿಲ್ಲ, ನಿಂತಲ್ಲಿಂದ ಹೊರಡುವಾಗ ಸ್ವಲ್ಪ ನಡುಗುತ್ತದೆ. ಮುಂದಿನ ಟೈರು ಗಾಡಿಯ ಜೊತೆ ಬಂದದ್ದೇ, ಬದಲಾಯಿಸಬೇಕು. ಹಿಂದಿನದು ಎರಡು ವರ್ಷದ್ದು. 2021ರ ಮಳೆಗಾಲದಲ್ಲಿ ಜಾರಿ ಎಡಕ್ಕೆ ಬಿದ್ದಿದೆ, ಪ್ಯಾನೆಲ್ ಮೇಲೆ ಗೀರು ಇದೆ, ಹ್ಯಾಂಡಲ್ ನೇರವಾಗಿದೆ. ಚಳಿಯಲ್ಲಿ ಚೋಕ್ ಬೇಕಾಗುತ್ತದೆ. ಬ್ರೇಕ್ ಶೂ ಈ ತಿಂಗಳು ಹೊಸದು ಹಾಕಿಸಿದ್ದೇನೆ. ಬ್ಯಾಟರಿ ಎಷ್ಟು ದಿನ ಬರುತ್ತದೆ ಗೊತ್ತಿಲ್ಲ. ಸಾಲವಿಲ್ಲ, ದಂಡ ಬಾಕಿ ಇಲ್ಲ, ಇನ್ಶೂರೆನ್ಸ್ ಮತ್ತು ಎಮಿಷನ್ ಚಾಲ್ತಿಯಲ್ಲಿವೆ. 35,000."

ಈ ಸಂದೇಶದ ಬಲ ಅದರ ನಿರ್ದಿಷ್ಟತೆಯಲ್ಲಿದೆ. ಕೇಬಲ್ ಕಡಿದ ಸಂಗತಿಯನ್ನೇ ನೋಡಿ. ಆ ಮಾದರಿಯ ಸ್ಕೂಟರಿನಲ್ಲಿ ಮುಂದಿನ ಚಕ್ರದಿಂದ ಮೀಟರಿಗೆ ಒಂದು ತಂತಿ ಹೋಗುತ್ತದೆ. ಅದು ಕಡಿದರೆ ಮುಳ್ಳಿನ ಜೊತೆ ಕಿಲೋಮೀಟರ್ ಎಣಿಕೆಯೂ ನಿಲ್ಲುತ್ತದೆ. ಎಷ್ಟೋ ಜನ ಅದನ್ನು ಸರಿಮಾಡಿಸದೆ ವರ್ಷಗಟ್ಟಲೆ ಓಡಿಸುತ್ತಾರೆ, ಮಾರುವ ಮುನ್ನ ಇನ್ನೂರು ರೂಪಾಯಿಯ ಕೇಬಲ್ ಹಾಕಿಸುತ್ತಾರೆ. ಆಗ ಮೀಟರು ತೋರಿಸುವ ಸಂಖ್ಯೆ ತಿದ್ದಿದ್ದಲ್ಲದಿದ್ದರೂ ನಿಜವಲ್ಲ. ಸರ್ವಿಸ್ ಬಿಲ್ಲುಗಳ ಮೇಲೆ ಪ್ರತಿ ಸಲದ ಕಿಲೋಮೀಟರ್ ಬರೆದಿರುತ್ತದೆ. ಅವನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿದರೆ ಎಲ್ಲಿ ಎಣಿಕೆ ನಿಂತಿತ್ತೆಂದು ತಿಳಿಯುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದವರ ಉಳಿದ ಮಾತುಗಳನ್ನೂ ಜನ ನಂಬಿದರು.

ಟೈರಿನ ಮಾತೂ ಹಾಗೆಯೇ. ಟೈರಿನ ಪಕ್ಕದಲ್ಲಿ ಚಿಕ್ಕ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಮೇಷ್ಟ್ರ ಗಾಡಿಯ ಮುಂದಿನ ಟೈರಿನ ಮೇಲೆ 3918 ಎಂದಿತ್ತು, ಅಂದರೆ 2018ರ ಮೂವತ್ತೊಂಬತ್ತನೇ ವಾರದಲ್ಲಿ ತಯಾರಾದದ್ದು. ಪಟ್ಟೆಗಳು ಇನ್ನೂ ಆಳವಾಗಿಯೇ ಇದ್ದುದರಿಂದ ಫೋಟೋದಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಉಗುರಿನಿಂದ ಒತ್ತಿದರೆ ರಬ್ಬರು ಕಲ್ಲಾಗಿತ್ತು, ಪಟ್ಟೆಗಳ ಸಂದಿಯಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು. ಗಟ್ಟಿಯಾದ ರಬ್ಬರು ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಮೇಷ್ಟ್ರು ಆ ಅಂಕಿಗಳ ಫೋಟೋವನ್ನೂ, ಗೀರಿನ ಫೋಟೋವನ್ನೂ ಹಾಕಿದ್ದರು. ನಂಬರ್ ಪ್ಲೇಟನ್ನು ಮಾತ್ರ ಮರೆಮಾಡಿದ್ದರು. ಗುಂಪಿನ ಸಂದೇಶ ಎಷ್ಟು ಬೇಗ ಬೇರೆ ಗುಂಪುಗಳಿಗೆ ಹೋಗುತ್ತದೆಂದು ಯಾರಿಗೂ ಹೇಳಬೇಕಿಲ್ಲ, ಇನ್ನೊಬ್ಬರ ನಂಬರನ್ನು ತಮ್ಮ ಗಾಡಿಗೆ ಬರೆಸಿಕೊಂಡು ಸಿಗ್ನಲ್ ಹಾರುವವರೂ ಇದ್ದಾರೆ. ಆರ್.ಸಿ. ಕಾರ್ಡಿನ ಫೋಟೋ ಹಾಕುವುದಂತೂ ಬೇಡವೇ ಬೇಡ, ಅದರಲ್ಲಿ ವಿಳಾಸದಿಂದ ಹಿಡಿದು ಚಾಸಿ ನಂಬರಿನವರೆಗೆ ಎಲ್ಲವೂ ಇರುತ್ತದೆ. ಗಂಭೀರವಾಗಿ ನೋಡಲು ಬಂದವರಿಗೆ ಕೈಯಲ್ಲಿ ಕೊಟ್ಟು ತೋರಿಸಿದರೆ ಸಾಕು.

ಕಾನೂನು ಇಷ್ಟೆಲ್ಲ ಹೇಳಬೇಕೆಂದು ಮಾರುವವನನ್ನು ಒತ್ತಾಯಿಸುವುದಿಲ್ಲ, ನಿಜ. 1872ರ ಭಾರತೀಯ ಕರಾರು ಕಾಯಿದೆಯ 17ನೇ ಸೆಕ್ಷನ್ ಪ್ರಕಾರ ಬರಿಯ ಮೌನ ವಂಚನೆಯಲ್ಲ. ಆ ಸೆಕ್ಷನ್ನಿನ ಕೆಳಗೆ ಕೊಟ್ಟಿರುವ ಉದಾಹರಣೆಗಳಲ್ಲಿ ಮೊದಲ ಮೂರು ಆ ಕಾಲದ ವಾಹನವಾದ ಕುದುರೆಯವು. ಹರಾಜಿನಲ್ಲಿ ರೋಗದ ಕುದುರೆಯನ್ನು ಮಾರುವವನು ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗಷ್ಟೇ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಇನ್ನು ಕೊಳ್ಳುವವನು "ನೀನು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ" ಎಂದ ಮೇಲೂ ಮಾರುವವನು ಬಾಯಿ ಬಿಡದಿದ್ದರೆ ಆ ಮೌನ ಮಾತಿಗೆ ಸಮ. ಬಡಾವಣೆಯ ಗುಂಪಿನ ಮಾರಾಟ ಮೊದಲನೆಯ ಉದಾಹರಣೆಗಿಂತ ಉಳಿದೆರಡಕ್ಕೆ ಹತ್ತಿರ ಎಂದು ನನಗನ್ನಿಸುತ್ತದೆ. ನಂಬಿ ಬರುವ ನೆರೆಯವರು ಹರಾಜಿನ ಗಿರಾಕಿಗಳಲ್ಲ. "ಸಾರ್, ಎಂಜಿನ್ ಏನೂ ತೊಂದರೆ ಇಲ್ಲ ತಾನೆ?" ಎಂದು ಕೇಳಿದವರಿಗೆ ಬರೀ ಹೆಬ್ಬೆರಳೆತ್ತಿದ ಚಿತ್ರ ಕಳಿಸಿದವರು ಸುಮ್ಮನಿದ್ದರು ಎನ್ನಲಾಗುವುದಿಲ್ಲ. ಅವರು ಉತ್ತರ ಕೊಟ್ಟಾಗಿದೆ, ಅದು ಎರಡೂ ಕಡೆಯ ಫೋನಿನಲ್ಲಿ ದಾಖಲೂ ಆಗಿದೆ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ಇದರಲ್ಲೇ ಸೇರುತ್ತದೆ. ಬ್ಯಾಟರಿಯ ಬಗ್ಗೆ ಮೇಷ್ಟ್ರು ಬರೆದದ್ದು ಹಾಗೆ. "ಬ್ಯಾಟರಿ ಚೆನ್ನಾಗಿದೆ" ಎಂದು ಬರೆದಿದ್ದರೆ ಎರಡು ತಿಂಗಳಲ್ಲಿ ಸೆಲ್ಫ್ ಕೈಕೊಟ್ಟಾಗ ಅವರ ಎಲ್ಲ ಮಾತೂ ಸುಳ್ಳಾಗಿ ಕಾಣುತ್ತಿತ್ತು.

ಈಗ ಬೆಲೆ. ಹೆಚ್ಚಿನವರು ಇಂಥ ವೇಳೆ ಜಾಲತಾಣಗಳಲ್ಲಿ ಅದೇ ಮಾದರಿಯ ಗಾಡಿಗೆ ಯಾರು ಎಷ್ಟು ಕೇಳಿದ್ದಾರೆ ನೋಡಿ, ಅದಕ್ಕೊಂದೈದು ಸಾವಿರ ಚೌಕಾಸಿಗೆಂದು ಸೇರಿಸುತ್ತಾರೆ. ಕೇಳಿದ ಬೆಲೆ ಮಾರಿದ ಬೆಲೆಯಲ್ಲ. ತಿಂಗಳುಗಟ್ಟಲೆ ಹಾಗೇ ಉಳಿದಿರುವ ಜಾಹೀರಾತು ಆ ಬೆಲೆಗೆ ಯಾರೂ ಕೊಳ್ಳಲಿಲ್ಲ ಎನ್ನುವುದಕ್ಕೇ ಸಾಕ್ಷಿ. ಇನ್ಶೂರೆನ್ಸ್ ಪಾಲಿಸಿಯಲ್ಲಿ ನಮೂದಿಸಿದ ಮೌಲ್ಯವೂ ಇಲ್ಲಿ ಅಳತೆಗೋಲಾಗದು. ಅದು ಶೋರೂಮ್ ಬೆಲೆಯಿಂದ ವರ್ಷಕ್ಕಿಷ್ಟು ಶೇಕಡಾ ಎಂದು ಕಳೆದು ಬರೆಯುವ ಅಂಕಿ, ಐದು ವರ್ಷ ದಾಟಿದ ಗಾಡಿಗೆ ಕಂಪನಿಯೂ ಮಾಲೀಕನೂ ಒಪ್ಪಿಕೊಂಡ ಮೊತ್ತ. ಸ್ಕೂಟರಿನಂಥ ಬೇಡಿಕೆಯ ಗಾಡಿ ಅದಕ್ಕಿಂತ ಹೆಚ್ಚಿಗೇ ಹೋಗುತ್ತದೆ.

ಮೇಷ್ಟ್ರು ಹಿಡಿದ ದಾರಿ ಹೆಚ್ಚು ಗಟ್ಟಿಯಾದದ್ದು. ಹಳೆಯ ಗಾಡಿಗಳ ಅಂಗಡಿಯೊಂದಕ್ಕೆ ಹೋಗಿ ತಮ್ಮ ಗಾಡಿಗೆ ಎಷ್ಟು ಕೊಡುತ್ತೀರಿ ಎಂದು ಕೇಳಿದರು. 31,000 ಎಂದರು. ಅದೇ ವಯಸ್ಸಿನ, ಅದೇ ಮಾದರಿಯ ಗಾಡಿಯನ್ನು ಅಂಗಡಿಯವರು ರಿಪೇರಿ ಮಾಡಿ 41,000ಕ್ಕೆ ಇಟ್ಟಿದ್ದರು. ನಡುವಿನ ಹತ್ತು ಸಾವಿರದಲ್ಲಿ ಅಂಗಡಿಯ ಬಾಡಿಗೆ, ರಿಪೇರಿ, ಲಾಭ, ಮಾರಾಟವಾಗದೆ ಉಳಿಯುವ ಭಯ ಎಲ್ಲವೂ ಇವೆ. ನೆರೆಯವರು ನೇರವಾಗಿ ಕೊಟ್ಟು ತೆಗೆದುಕೊಂಡಾಗ ಈ ಹಣವನ್ನು ಇಬ್ಬರೂ ಹಂಚಿಕೊಳ್ಳಬಹುದು. ಆದರೆ ಮೊದಲು ರಿಪೇರಿಯನ್ನು ಕಳೆಯಬೇಕು, ಏಕೆಂದರೆ 41,000 ರಿಪೇರಿಯಾದ ಗಾಡಿಯ ಬೆಲೆ. ಬೆಲ್ಟ್, ರೋಲರ್, ಕೂಲಿ ಸೇರಿ ಎರಡು ಸಾವಿರ, ಟೈರಿಗೆ ಒಂದೂವರೆ ಸಾವಿರ ಎಂದು ಮೆಕ್ಯಾನಿಕ್ ಅಂದಾಜು ಕೊಟ್ಟಿದ್ದರು. ಉಳಿದದ್ದು 37,500. ಹಾಗಾದರೆ ನ್ಯಾಯದ ಬೆಲೆ 31,000 ಮತ್ತು 37,500ರ ನಡುವೆ ಎಲ್ಲೋ ಇದೆ, ನಟ್ಟನಡುವೆ ಎಂದರೆ 34,250. ಅವರು 35,000 ಕೇಳಿದರು, 34,500ಕ್ಕೆ ಮುಗಿಯಿತು. ಕೊಂಡವರು ರಿಪೇರಿ ಖರ್ಚು ಸೇರಿಸಿದರೂ ಅಂಗಡಿಗಿಂತ ಮೂರು ಸಾವಿರ ಕಡಿಮೆಗೆ ಪಡೆದರು. ಮೇಷ್ಟ್ರಿಗೆ ಅಂಗಡಿಗಿಂತ ಮೂರೂವರೆ ಸಾವಿರ ಹೆಚ್ಚು ಸಿಕ್ಕಿತು.

ಟೈರು, ಬೆಲ್ಟ್ ಅವರೇ ಹಾಕಿಸಿ ಮಾರಬಹುದಿತ್ತಲ್ಲ ಎಂದು ಕೆಲವರು ಕೇಳಿದರು. ಹಾಕಿಸಿದ ಖರ್ಚು ಪೂರ್ತಿ ಬೆಲೆಯಲ್ಲಿ ಬರುವುದಿಲ್ಲ, ಕೊಳ್ಳುವವರಿಗೆ ಯಾವ ಕಂಪನಿಯ ಟೈರು ಬೇಕೋ ಅದೂ ಮಾರುವವರಿಗೆ ಗೊತ್ತಿಲ್ಲ. ಸವೆತದ ಭಾಗಗಳನ್ನು ಹೇಳಿ, ಬೆಲೆ ಕಳೆದು ಬಿಡುವುದೇ ಸರಿ. ಬ್ರೇಕ್ ಮಾತ್ರ ಬೇರೆ ಮಾತು. ಟೆಸ್ಟ್ ರೈಡಿಗೇ ಯಾರೋ ಅಪರಿಚಿತರು ಆ ಗಾಡಿಯ ಮೇಲೆ ಕೂರುವವರಿದ್ದಾರೆ. ಹಿಡಿಯದ ಬ್ರೇಕನ್ನು "ಹೇಳಿದ್ದೆನಲ್ಲ" ಎಂದು ದಾಟಿಸಲಾಗದು.

ಇಷ್ಟಾದರೂ ಬರೆದದ್ದು ಬರೆದವರ ಮಾತೇ. ಕೊಳ್ಳುವವರು ಪರೀಕ್ಷಿಸಲು ಎಡೆ ಕೊಟ್ಟಾಗ ಮಾತ್ರ ಅದಕ್ಕೆ ಬೆಲೆ, ಆ ಪರೀಕ್ಷೆ ನಡೆಯುವುದು ಭೇಟಿಯಲ್ಲಿ. ಮೇಷ್ಟ್ರ ಸಂದೇಶ ಹಾಕಿದ ದಿನವೇ ಗುಂಪಿನ ಹೊರಗಿನವರ ಕರೆಗಳು ಬಂದವು. ಅವರಲ್ಲೊಬ್ಬ ತಾನು ಸೇನೆಯಲ್ಲಿದ್ದೇನೆ, ಮೈಸೂರಿಗೆ ವರ್ಗವಾಗಿದೆ, ಗಾಡಿ ನೋಡುವುದು ಬೇಡ, ಪೂರ್ತಿ ಹಣ ಈಗಲೇ ಕಳಿಸುತ್ತೇನೆ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಎಂದ. ದೇಶದಾದ್ಯಂತ ಹಳೆಯ ಸಾಮಾನು ಮಾರುವವರನ್ನು ಹೀಗೇ ಸುಲಿದಿದ್ದಾರೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲು, ಪಡೆಯಲು ಅಲ್ಲ. ಹಣ ಬರಬೇಕಾದರೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಗಾಡಿ ನೋಡದೆ, ಒಂದು ರೂಪಾಯಿ ಚೌಕಾಸಿ ಮಾಡದೆ ಒಪ್ಪಿಕೊಳ್ಳುವವನ ಮೇಲೆ ಅನುಮಾನ ಬರಲೇಬೇಕು.

ನಿಜವಾಗಿ ಬೇಕಾಗಿದ್ದವರು ಎರಡು ಬೀದಿ ಆಚೆಯವರು. "ಮೇಷ್ಟ್ರೇ, ನಮ್ಮ ತಂಗಿಗೆ ಆಸ್ಪತ್ರೆ ಡ್ಯೂಟಿಗೆ ಹೋಗಕ್ಕೆ ಬೇಕಾಗಿತ್ತು, ಯಾವಾಗ ಬರ್ಲಿ?" ಎಂದು ಕೇಳಿದವರನ್ನು ಮೇಷ್ಟ್ರು ಮನೆಗೆ ಕರೆಯಲಿಲ್ಲ. ಬಡಾವಣೆಯ ಪಾರ್ಕಿನ ಗೇಟಿನ ಬಳಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದರು. ಜನ ಓಡಾಡುವ ಜಾಗ, ಹಗಲು ಹೊತ್ತು, ಎದುರಿನ ಔಷಧಿ ಅಂಗಡಿಯ ಕ್ಯಾಮೆರಾ. ಒಂಟಿಯಾಗಿರುವ ಹಿರಿಯರು, ಹೆಂಗಸರು ಮೊದಲ ಭೇಟಿಯನ್ನು ಹೀಗೆಯೇ ಇಟ್ಟುಕೊಳ್ಳಬೇಕು. ಗುಂಪಿನಲ್ಲಿ ಹೆಸರಿದ್ದ ಮಾತ್ರಕ್ಕೆ ಬಂದು ನಿಲ್ಲುವವರು ಅವರೇ ಎಂದೇನೂ ಇಲ್ಲ.

ಬೆಳಿಗ್ಗೆ ಮೇಷ್ಟ್ರು ಗಾಡಿಯನ್ನು ಸ್ಟಾರ್ಟ್ ಮಾಡದೆ ತಳ್ಳಿಕೊಂಡೇ ಹೋಗಿದ್ದರು. ಇದು ಸಣ್ಣ ವಿಷಯವಲ್ಲ. ಬಿಸಿಯಾದ ಎಂಜಿನ್ ಒಂದೇ ಒತ್ತಿಗೆ ಎದ್ದುಬಿಡುತ್ತದೆ, ಸ್ಟಾರ್ಟಿಂಗ್ ತೊಂದರೆಯೆಲ್ಲ ಮುಚ್ಚಿಹೋಗುತ್ತದೆ. ಹಾಗಾಗಿ ಅನುಭವಸ್ಥರು ಬಂದ ಕೂಡಲೇ ಎಂಜಿನ್ನಿನ ಪಕ್ಕ ಕೈಯಿಟ್ಟು ನೋಡುತ್ತಾರೆ. ಬಂದವರೂ ನೋಡಿದರು, ತಣ್ಣಗಿತ್ತು. ಚೋಕ್ ಎಳೆದು ಒತ್ತಿದಾಗ ಮೂರನೆಯ ಸಲಕ್ಕೆ ಎದ್ದಿತು. ಸೈಲೆನ್ಸರಿನಿಂದ ನೀಲಿ ಹೊಗೆ ಬರಲಿಲ್ಲ, ಅಂದರೆ ಎಂಜಿನ್ ಆಯಿಲ್ ಸುಡುತ್ತಿಲ್ಲ. ಆಮೇಲೆ ಟೆಸ್ಟ್ ರೈಡ್. ಅದಕ್ಕೆ ಮುಂಚೆ ಮೇಷ್ಟ್ರು ತಂಗಿಯ ಡ್ರೈವಿಂಗ್ ಲೈಸೆನ್ಸ್ ಕೇಳಿ ನೋಡಿದರು. ಇದು ಮುಜುಗರದ ಪ್ರಶ್ನೆಯಲ್ಲ. ಮೋಟಾರು ವಾಹನ ಕಾಯಿದೆಯ 180ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದವರಿಗೆ ಗಾಡಿ ಓಡಿಸಲು ಕೊಟ್ಟ ಮಾಲೀಕನಿಗೆ ಐದು ಸಾವಿರ ದಂಡ, ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಒಂದು ಸುತ್ತು ಹಾಕಿ ಬರುತ್ತೇನೆ ಎಂದು ಹೋದವರು ಬಾರದೇ ಹೋದ ಪ್ರಸಂಗಗಳೂ ನಮ್ಮ ಊರುಗಳಲ್ಲಿ ನಡೆದಿವೆ. ತಂಗಿ ಹೊರಟಾಗ ಅಣ್ಣ ತಮ್ಮ ಬೈಕಿನೊಂದಿಗೆ ಮೇಷ್ಟ್ರ ಜೊತೆಗೇ ನಿಂತಿದ್ದರು. ಅಲ್ಲಿಂದ ಗಾಡಿಯನ್ನು ಅವರು ತಮಗೆ ಗೊತ್ತಿದ್ದ ಮೆಕ್ಯಾನಿಕ್ ಹತ್ತಿರ ತೋರಿಸಿದರು. ಮೇಷ್ಟ್ರ ಮೆಕ್ಯಾನಿಕ್ ಎಷ್ಟೇ ಒಳ್ಳೆಯವರಾದರೂ ಕೊಳ್ಳುವವರ ಪಾಲಿಗೆ ಅವರು ಮಾರುವವರ ಕಡೆಯವರೇ. ಹೇಳಿದ ತೊಂದರೆಗಳ ಹೊರತು ಹೊಸದೇನೂ ಸಿಗದಿದ್ದಾಗ ಚೌಕಾಸಿ ಐನೂರು ರೂಪಾಯಿಗೆ ನಿಂತಿತು.

ಬಡಾವಣೆಯ ನಂಬಿಕೆ ಕೆಡುಕು ಮಾಡುವುದು ಇದಾದ ಮೇಲೆ. ಗಾಡಿಯ ಸ್ಥಿತಿಯ ವಿಷಯದಲ್ಲಿ ನೆರೆಹೊರೆಯ ಪರಿಚಯ ಇಬ್ಬರಿಗೂ ಲಾಭ ತಂದಿತು. ಕಾಗದಪತ್ರದ ವಿಷಯದಲ್ಲಿ ಅದೇ ಪರಿಚಯ "ಇರ್ಲಿ ಬಿಡಿ, ನಮ್ಮವರೇ ಅಲ್ವಾ, ನಿಧಾನಕ್ಕೆ ಮಾಡಿಸಿಕೊಳ್ತಾರೆ" ಎಂಬ ಸಡಿಲಕ್ಕೆ ದಾರಿಯಾಗುತ್ತದೆ. ಹೀಗೆ ಬಿಟ್ಟ ಗಾಡಿಗಳು ವರ್ಷಗಟ್ಟಲೆ ಹಳೆಯ ಮಾಲೀಕರ ಹೆಸರಿನಲ್ಲೇ ಓಡುತ್ತವೆ. ಸಿಗ್ನಲ್ ಹಾರಿದ ದಂಡದ ನೋಟಿಸು ಅವರ ಮನೆಗೇ ಬರುತ್ತದೆ. ಅಪಘಾತವಾದರೆ ಇನ್ನೂ ಘೋರ. ಕಾಯಿದೆಯ 2(30)ನೇ ಸೆಕ್ಷನ್ ಪ್ರಕಾರ ಗಾಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಮಾಲೀಕರು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಕಾರೊಂದು 2007ರಲ್ಲಿ ಮಾರಾಟವಾಗಿ ಹಲವರ ಕೈ ದಾಟಿತ್ತು, 2009ರಲ್ಲಿ ಅಪಘಾತವಾಯಿತು. ಆರ್.ಸಿ.ಯಲ್ಲಿ ಇನ್ನೂ ಹೆಸರಿದ್ದ ಮೊದಲ ಮಾಲೀಕರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರಿದ್ದಕ್ಕೆ ಕಾಗದ ಇತ್ತೋ ಇಲ್ಲವೋ ಎನ್ನುವುದಕ್ಕಿಂತ ದಾಖಲೆಯಲ್ಲಿ ಹೆಸರು ಬದಲಾಗಿತ್ತೋ ಇಲ್ಲವೋ ಎನ್ನುವುದೇ ಅಲ್ಲಿ ನಿರ್ಣಾಯಕವಾಯಿತು.

ಆದ್ದರಿಂದ ಹಣ, ಕೀಲಿ ಮತ್ತು ಹೆಸರು ವರ್ಗಾವಣೆಯ ಅರ್ಜಿ ಒಂದೇ ದಿನ ಆಗಬೇಕು. ಮಾರಿದವರು ಹದಿನಾಲ್ಕು ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕೆಂದು 50ನೇ ಸೆಕ್ಷನ್ ಹೇಳುತ್ತದೆ. ಅದಕ್ಕಿರುವುದು ಫಾರಂ 29, ಹೆಸರು ಬದಲಾವಣೆಯ ಅರ್ಜಿ ಫಾರಂ 30. ಈ ಫಾರಂಗಳಿಗೆ ಸಹಿ ಹಾಕಿ, ಕೊಳ್ಳುವವರ ಹೆಸರಿನ ಜಾಗ ಖಾಲಿ ಬಿಟ್ಟು ಕೊಡುವುದು ನಮ್ಮಲ್ಲಿ ಬಹಳ ರೂಢಿ. ಬ್ರೋಕರುಗಳು ಕೇಳುವುದೂ ಅದನ್ನೇ, ಏಕೆಂದರೆ ಖಾಲಿ ಫಾರಂ ಇದ್ದರೆ ತಮ್ಮ ಹೆಸರು ಎಲ್ಲಿಯೂ ಬರದಂತೆ ಮುಂದಿನವರಿಗೆ ಮಾರಬಹುದು. "ನಮ್ಮ ಸಂಬಂಧಿಕರೊಬ್ಬರಿಗೆ" ಎಂದು ಗುಂಪಿನೊಳಗೇ ಇದ್ದುಕೊಂಡು ಕೊಳ್ಳುವ ಬ್ರೋಕರುಗಳೂ ಉಂಟು. ಖಾಲಿ ಜಾಗವಿರುವ ಕಾಗದಕ್ಕೆ ಸಹಿ ಬೇಡ.

ಮೇಷ್ಟ್ರು ಎರಡು ಪ್ರತಿ ಡೆಲಿವರಿ ನೋಟ್ ಬರೆದರು. ಚಾಸಿ ನಂಬರ್, ಎಂಜಿನ್ ನಂಬರ್, ಬೆಲೆ, ಸಂದೇಶದಲ್ಲಿ ಹೇಳಿದ್ದ ತೊಂದರೆಗಳು, ಹಸ್ತಾಂತರದ ದಿನಾಂಕ. ದಿನಾಂಕದ ಪಕ್ಕದಲ್ಲಿ ಗಂಟೆಯನ್ನೂ ಬರೆದರು, ಏಕೆಂದರೆ ಅದೇ ಸಂಜೆ ಆರಕ್ಕೆ ಯಾವುದಾದರೂ ಸಿಗ್ನಲ್ಲಿನ ಕ್ಯಾಮೆರಾ ಗಾಡಿಯ ಫೋಟೋ ತೆಗೆದರೆ ಬೆಳಿಗ್ಗೆ ಹನ್ನೊಂದೂವರೆಗೇ ಕೊಟ್ಟಿದ್ದೆ ಎನ್ನಲು ಆಧಾರ ಬೇಕು. ಹಣ ಯುಪಿಐ ಮೂಲಕ ಬಂತು. ಅಣ್ಣ ತೋರಿಸಿದ ಸ್ಕ್ರೀನ್‌ಶಾಟನ್ನಾಗಲಿ ಎಸ್ಸೆಮ್ಮೆಸ್ಸನ್ನಾಗಲಿ ನೆಚ್ಚದೆ ತಮ್ಮ ಬ್ಯಾಂಕಿನ ಆ್ಯಪ್ ತೆರೆದು ಬಾಕಿ ನೋಡಿಯೇ ಕೀಲಿ ಕೊಟ್ಟರು.

ಹೀಗೆಲ್ಲ ಮಾಡಿದರೆ ನೆರೆಯವರು "ನಮ್ಮ ಮೇಲೆ ನಂಬಿಕೆ ಇಲ್ಲವೇ" ಎಂದು ನೊಂದುಕೊಳ್ಳುವುದಿಲ್ಲವೇ? ನನಗೆ ಕೇಳಿಬಂದ ಅತ್ಯಂತ ಬಲವಾದ ಆಕ್ಷೇಪ ಇದು. ಆದರೆ ವರ್ಗಾವಣೆಯಾಗದಿದ್ದರೆ ಕೊಂಡವರಿಗೂ ಅಷ್ಟೇ ತೊಂದರೆ. ಇನ್ಶೂರೆನ್ಸಿನಲ್ಲಿ ಮೂರನೆಯವರಿಗೆ ಕೊಡುವ ಪರಿಹಾರದ ಭಾಗ ಗಾಡಿಯ ಜೊತೆಗೇ ದಾಟುತ್ತದೆಂದು ಕಾಯಿದೆ ಭಾವಿಸುತ್ತದೆ. ಆದರೆ ಸ್ವಂತ ಗಾಡಿಯ ಹಾನಿ ಅಥವಾ ಕಳವಿನ ಪರಿಹಾರ ಕೇಳಲು ಹೋದಾಗ ಪಾಲಿಸಿ ಬೇರೆಯವರ ಹೆಸರಿನಲ್ಲಿದ್ದರೆ ಕಂಪನಿ ನಿರಾಕರಿಸಬಹುದು. ಕೊಂಡವರು ಹದಿನಾಲ್ಕು ದಿನದೊಳಗೆ ಕಂಪನಿಗೆ ಅರ್ಜಿ ಕೊಟ್ಟು ಹೆಸರು ಬದಲಾಯಿಸಿಕೊಳ್ಳಬೇಕು. ಮೇಷ್ಟ್ರು ಇದನ್ನೇ ಮೊದಲು ವಿವರಿಸಿದರು, ಆಮೇಲೆ ಫಾರಂ ತೆಗೆದರು. ತಂಗಿಯೇ ಸೋಮವಾರ ಡ್ಯೂಟಿ ಬದಲಾಯಿಸಿಕೊಂಡು ಆರ್.ಟಿ.ಓ.ಗೆ ಜೊತೆಗೆ ಬಂದರು. ಮೂರು ವಾರದ ಮೇಲೆ ಪರಿವಾಹನ್ ತಾಣದಲ್ಲಿ ಮಾಲೀಕರ ಹೆಸರು ಬದಲಾದದ್ದನ್ನು ನೋಡಿದ ನಂತರ ಮೇಷ್ಟ್ರು ಗುಂಪಿನಲ್ಲಿದ್ದ ತಮ್ಮ ಸಂದೇಶದ ಕೆಳಗೆ "ಮಾರಾಟವಾಗಿದೆ, 34,500" ಎಂದು ಬರೆದರು. ಬೆಲೆಯನ್ನೂ ಸೇರಿಸಿ ಬರೆದದ್ದರಿಂದ ಮುಂದಿನ ತಿಂಗಳು ಅದೇ ಮಾದರಿಯ ಗಾಡಿ ಮಾರಲು ಹೊರಟ ಇನ್ನೊಬ್ಬರಿಗೆ, ಕೇಳಿದ ಬೆಲೆಯ ಬದಲು ಮಾರಿದ ಬೆಲೆಯೊಂದು ಕೈಗೆ ಸಿಕ್ಕಿತು.